ವಿಜ್ಞಾನ ಪ್ರದರ್ಶನಕ್ಕೆ ಎಷ್ಟು ದುಡ್ಡು ಬೇಕು?

ಶಾಲೆಯ ವಿಜ್ಞಾನ ವಸ್ತು ಪ್ರದರ್ಶನದ ಖರ್ಚು ಎರಡು ಕಡೆ ಆಗುತ್ತದೆ. ಒಂದು, ಶಾಲೆಯ ಲೆಕ್ಕದ ಪುಸ್ತಕದಲ್ಲಿ ಕಾಣುವ ಖರ್ಚು: ಶಾಮಿಯಾನ, ಮೈಕು, ಬ್ಯಾನರು, ಅತಿಥಿಗಳಿಗೆ ಶಾಲು-ಹಾರ, ಕಾಫಿ-ತಿಂಡಿ. ಇನ್ನೊಂದನ್ನು ಯಾರೂ ಎಲ್ಲಿಯೂ ಬರೆದಿಡುವುದಿಲ್ಲ. ಅದು ಪ್ರದರ್ಶನದ ಹಿಂದಿನ ಸಂಜೆ ಸ್ಟೇಷನರಿ ಅಂಗಡಿಯ ಮುಂದೆ ನಿಂತ ತಂದೆ-ತಾಯಂದಿರು ಕೊಡುವ ದುಡ್ಡು. ಸಿದ್ಧ ಜ್ವಾಲಾಮುಖಿ, ಸಿದ್ಧ ಗಾಳಿಯಂತ್ರ, ಬಣ್ಣ ಬಳಿದ ಸೌರವ್ಯೂಹ ಎಲ್ಲವೂ ಆ ದುಡ್ಡಿನಲ್ಲಿ ಬರುತ್ತವೆ.

24 ಮಾದರಿಗಳ ಒಂದು ಪ್ರದರ್ಶನವನ್ನು ಊಹಿಸಿಕೊಳ್ಳಿ. ಶಾಮಿಯಾನ ಮತ್ತು ಮೈಕಿಗೆ 6,000 ರೂಪಾಯಿ, ಬ್ಯಾನರಿಗೆ 1,500, ಶಾಲು-ಹಾರ-ನೆನಪಿನ ಕಾಣಿಕೆಗೆ 3,000, ಊಟ-ತಿಂಡಿಗೆ 4,000 ಎಂದಿಟ್ಟುಕೊಂಡರೆ ಶಾಲೆಯ ಲೆಕ್ಕ 14,500 ರೂಪಾಯಿಗೆ ನಿಲ್ಲುತ್ತದೆ. ಒಂದೊಂದು ಮಾದರಿಗೆ ಮನೆಯವರು 600 ರೂಪಾಯಿ ಕೊಟ್ಟಿದ್ದರೆ ಅದು ಬೇರೆಯೇ 14,400 ರೂಪಾಯಿ. ಒಟ್ಟು ಸುಮಾರು 29,000 ರೂಪಾಯಿ ಖರ್ಚಾದರೂ ಶಾಲೆ ತನ್ನ ಕೈಯಿಂದ ವಿಜ್ಞಾನಕ್ಕೆಂದು ಕೊಟ್ಟದ್ದು ಏನೂ ಇಲ್ಲ. ಶಾಲೆಯ ದುಡ್ಡು ವೇದಿಕೆಗೆ ಹೋಯಿತು, ಮಕ್ಕಳ ಮೇಜಿನ ಮೇಲಿದ್ದದ್ದು ಮನೆಯ ದುಡ್ಡು. ಕೂಲಿ ಮಾಡುವ ಮನೆಯಲ್ಲಿ 600 ರೂಪಾಯಿ ಒಂದೂವರೆ ದಿನದ ದುಡಿಮೆ ಆಗಬಹುದು. ಅದನ್ನು ಕೊಡಲಾಗದ ಮನೆಯ ಮಗು ಚಾರ್ಟ್ ಹಿಡಿದು ಮೂಲೆಯಲ್ಲಿ ನಿಲ್ಲುತ್ತದೆ. ಬಜೆಟ್ ಸರಿಯಾಗಬೇಕಾದರೆ ಮೊದಲು ಈ ಎರಡೂ ಖರ್ಚುಗಳನ್ನು ಒಂದೇ ಹಾಳೆಯ ಮೇಲೆ ತರಬೇಕು, ಮನೆಯವರ ಸಾಲನ್ನು ಸೊನ್ನೆಗೆ ಇಳಿಸಬೇಕು.

ಅದನ್ನು ಹೇಗೆ ಮಾಡಬಹುದು ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ಹೋಬಳಿ ಕೇಂದ್ರವೊಂದರ ಸರ್ಕಾರಿ ಪ್ರೌಢಶಾಲೆ. ಎಂಟು, ಒಂಬತ್ತು, ಹತ್ತನೇ ತರಗತಿ ಸೇರಿ 180 ಮಕ್ಕಳು. ಪ್ರದರ್ಶನಕ್ಕೆ ಬಿಟ್ಟುಕೊಡಬಹುದಾದ ನಾಲ್ಕು ಕೊಠಡಿಗಳಿವೆ. ಇಲ್ಲಿ ಕೊಡುವ ಬೆಲೆಗಳು ಅಂದಾಜಿನವು, ಊರಿನ ಅಂಗಡಿಯಲ್ಲಿ ವಿಚಾರಿಸಿ ತಿದ್ದಿಕೊಳ್ಳಬೇಕು. ಲೆಕ್ಕದ ದಾರಿ ಮಾತ್ರ ಎಲ್ಲ ಶಾಲೆಗೂ ಒಂದೇ.

ಮೊದಲು ದಿನ, ಆಮೇಲೆ ದುಡ್ಡು

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ಸಿ.ವಿ. ರಾಮನ್ ತಮ್ಮ ಶೋಧವನ್ನು ಕಂಡುಕೊಂಡ ದಿನವದು. 1987ರಿಂದ ದೇಶದಲ್ಲಿ ಅದನ್ನು ಆಚರಿಸುತ್ತ ಬಂದಿದ್ದೇವೆ. ಪ್ರದರ್ಶನವನ್ನೂ ಅಂದೇ ಇಡೋಣ ಎಂದು ಅನ್ನಿಸುವುದು ಸಹಜ. ಆದರೆ ಪ್ರೌಢಶಾಲೆಯಲ್ಲಿ ಆ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ. ಪೂರ್ವಸಿದ್ಧತಾ ಪರೀಕ್ಷೆಗಳ ನಡುವೆ ಹತ್ತನೇ ತರಗತಿಯವರು ಕೈ ಕಟ್ಟಿ ಕೂರುತ್ತಾರೆ, ವಿಜ್ಞಾನ ಶಿಕ್ಷಕರಿಗೂ ಬಿಡುವಿರುವುದಿಲ್ಲ.

ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲ ವಾರಗಳು ಹೆಚ್ಚು ಅನುಕೂಲ. ಅದಕ್ಕೆ ವಿಜ್ಞಾನದ್ದೇ ಒಂದು ಕಾರಣವೂ ಇದೆ. ಬಾಚಣಿಗೆ ಉಜ್ಜಿ ಕಾಗದದ ಚೂರು ಎಳೆಯುವುದು, ಬಲೂನನ್ನು ಗೋಡೆಗೆ ಅಂಟಿಸುವುದು ಮುಂತಾದ ಸ್ಥಾಯಿ ವಿದ್ಯುತ್ತಿನ ಪ್ರಯೋಗಗಳು ಒಣ ಹವೆಯಲ್ಲಿ ಮಾತ್ರ ಚೆನ್ನಾಗಿ ನಡೆಯುತ್ತವೆ. ಮಳೆಗಾಲದಲ್ಲಿ ವಸ್ತುವಿನ ಮೇಲೆ ಕೂರುವ ತೆಳುವಾದ ನೀರಿನ ಪದರ ವಿದ್ಯುದಂಶವನ್ನು ಹರಿದುಹೋಗಲು ಬಿಡುತ್ತದೆ, ಪ್ರಯೋಗ ಸೋಲುತ್ತದೆ. ಸೌರ ಒಲೆ ಇಡುವವರಿಗೂ ಮೋಡವಿಲ್ಲದ ಆಕಾಶ ಬೇಕು. ಬಯಲುಸೀಮೆಯಲ್ಲಿ ಇವೆರಡೂ ಆ ವಾರಗಳಲ್ಲಿ ಬಿಟ್ಟಿಯಾಗಿ ಸಿಗುತ್ತವೆ.

ನಮ್ಮ ಉದಾಹರಣೆಯ ಶಾಲೆ ಒಂದು ಶುಕ್ರವಾರ ಮತ್ತು ಶನಿವಾರವನ್ನು ಆರಿಸಿಕೊಳ್ಳುತ್ತದೆ. ಶುಕ್ರವಾರ ಮಕ್ಕಳಿಗೆ, ಶನಿವಾರ ಬೆಳಿಗ್ಗೆ ಪೋಷಕರಿಗೆ ಮತ್ತು ಊರಿನವರಿಗೆ.

ಎಷ್ಟು ಜನ ನೋಡಬಹುದು?

ಬಜೆಟ್ಟಿನ ನಿಜವಾದ ಬೀಜ ಈ ಪ್ರಶ್ನೆಯಲ್ಲಿದೆ. ಕೊಠಡಿಗೆ ಆರು ಮೇಜು, ನಾಲ್ಕು ಕೊಠಡಿಗೆ 24 ಮೇಜು. ಎರಡು ಬೆಂಚಿನ ಡೆಸ್ಕು ಜೋಡಿಸಿದರೆ ಒಂದು ಮೇಜು ಆಯಿತು, ಬಾಡಿಗೆಗೆ ತರುವ ಅಗತ್ಯವಿಲ್ಲ. ಒಂದು ಕೊಠಡಿಗೆ ಒಮ್ಮೆಗೆ 20 ಜನರನ್ನು ಬಿಟ್ಟರೆ ಪ್ರತಿ ಮೇಜಿನ ಮುಂದೆ ಮೂರು-ನಾಲ್ಕು ಜನ ನಿಲ್ಲುತ್ತಾರೆ. ಮೇಜಿಗೆ ಮೂರು ನಿಮಿಷದಂತೆ ಆರು ಮೇಜಿಗೆ ಸುಮಾರು 20 ನಿಮಿಷ. ನಾಲ್ಕು ಕೊಠಡಿ ಸುತ್ತಲು 80 ನಿಮಿಷ, ಓಡಾಟಕ್ಕೆ ಹತ್ತು ನಿಮಿಷ. ಅಂದರೆ ಒಂದೂವರೆ ಗಂಟೆಗೆ ಒಂದು ಸುತ್ತು, ಒಂದು ಸುತ್ತಿಗೆ 80 ಜನ.

ಶುಕ್ರವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಎರಡು ಸುತ್ತು, ಊಟದ ನಂತರ ಒಂದು ಸುತ್ತು. ಒಟ್ಟು 240 ಜನ. ಶನಿವಾರ ಒಂಬತ್ತರಿಂದ ಹನ್ನೆರಡರವರೆಗೆ ಎರಡು ಸುತ್ತು, 160 ಜನ. ಎರಡು ದಿನಕ್ಕೆ 400 ಜನ. ಇದಕ್ಕಿಂತ ಹೆಚ್ಚು ಜನರನ್ನು ಕರೆದರೆ ಅವರು ನೋಡುವುದು ಮುಂದಿನವರ ಬೆನ್ನನ್ನಷ್ಟೆ.

ಈ ಲೆಕ್ಕದಿಂದ ಆಹ್ವಾನದ ಪಟ್ಟಿ ತಾನಾಗಿ ಹೊರಬೀಳುತ್ತದೆ. ಶುಕ್ರವಾರದ 240ರಲ್ಲಿ 180 ನಮ್ಮ ಮಕ್ಕಳು. ಉಳಿದ 60 ಜಾಗಕ್ಕೆ ಪಕ್ಕದ ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿಯವರನ್ನು ಕರೆಯಬಹುದು, ಸುತ್ತಲಿನ ಐದಾರು ಶಾಲೆಗಳನ್ನಲ್ಲ. ಮೇಜಿಗೆ ನಾಲ್ವರಂತೆ 96 ಮಕ್ಕಳು ಮಾದರಿ ಮಾಡುತ್ತಾರೆ. ಅವರಲ್ಲಿ ಒಮ್ಮೆಗೆ ಇಬ್ಬರು ಮೇಜಿನ ಬಳಿ ನಿಲ್ಲುತ್ತಾರೆ, ಇನ್ನಿಬ್ಬರು ಉಳಿದ ಮಾದರಿಗಳನ್ನು ನೋಡುತ್ತಾರೆ. ಎರಡನೇ ಸುತ್ತಿಗೆ ಜಾಗ ಬದಲು. ಬೇರೆಯವರ ಮಾದರಿ ನೋಡಲಾಗದೆ ಎರಡು ದಿನ ತನ್ನ ಮೇಜಿಗೇ ಕಟ್ಟುಬಿದ್ದ ಮಗು ಅರ್ಧ ಪ್ರದರ್ಶನವನ್ನು ಕಳೆದುಕೊಂಡಿರುತ್ತದೆ. ಉಳಿದ 84 ಮಕ್ಕಳಿಗೆ ದಾರಿ ತೋರಿಸುವುದು, ಗಂಟೆ ಬಾರಿಸುವುದು, ನೀರು ತುಂಬಿಸುವುದು, ಸಾಮಾನಿನ ಲೆಕ್ಕ ಬರೆಯುವುದು ಮುಂತಾದ ಕೆಲಸಗಳನ್ನು ಹೆಸರು ಬರೆದು ಹಂಚಬೇಕು.

ಈಗ ಮುಖ್ಯವಾದ ಸಂಖ್ಯೆ. ಶುಕ್ರವಾರ ಮೂರು ಸುತ್ತಿನಲ್ಲಿ ಒಂದೊಂದು ಮೇಜಿನ ಮುಂದೆ 72 ಸಲ ಹೊಸ ಗುಂಪು ಬಂದು ನಿಲ್ಲುತ್ತದೆ. ಶನಿವಾರ 48 ಸಲ. ಒಟ್ಟು 120 ಸಲ. ಅಂದರೆ ಪ್ರತಿ ಪ್ರಯೋಗವನ್ನೂ 120 ಸಲ ಮಾಡಿ ತೋರಿಸಬೇಕು. ಸಾಮಗ್ರಿಯನ್ನು ಒಂದು ಸಲದ ಲೆಕ್ಕದಲ್ಲಿ ತಂದಿಟ್ಟುಕೊಳ್ಳುವುದರಿಂದಲೇ ಮಧ್ಯಾಹ್ನದ ಹೊತ್ತಿಗೆ ಅರ್ಧ ಮೇಜುಗಳಲ್ಲಿ ‘ಸಾರ್, ಬೆಳಿಗ್ಗೆ ವರ್ಕ್ ಆಗ್ತಿತ್ತು’ ಎಂಬ ಮಾತು ಕೇಳಿಬರುತ್ತದೆ.

120ರಿಂದ ಗುಣಿಸಿ

ಅಡುಗೆ ಸೋಡಾ ಮತ್ತು ವಿನಿಗರ್ ಸೇರಿಸಿ ಇಂಗಾಲದ ಡೈಆಕ್ಸೈಡ್ ತಯಾರಿಸಿ ಮೋಂಬತ್ತಿ ಆರಿಸುವ ಪ್ರಯೋಗವನ್ನು ತೆಗೆದುಕೊಳ್ಳೋಣ. ಮಕ್ಕಳು ಅಂದಾಜಿನಲ್ಲಿ ಒಂದು ಲೋಟ ವಿನಿಗರ್ ಸುರಿಯುತ್ತಾರೆ. ಸಲಕ್ಕೆ 100 ಮಿಲಿಲೀಟರ್ ಎಂದರೆ 120 ಸಲಕ್ಕೆ 12 ಲೀಟರ್. ಕಿರಾಣಿ ಅಂಗಡಿಯಲ್ಲಿ ಅಷ್ಟು ಸಿಗುವುದೂ ಕಷ್ಟ.

ನಿಜಕ್ಕೂ ಎಷ್ಟು ಸಾಕು? ಅಂಗಡಿಯ ವಿನಿಗರ್‌ನಲ್ಲಿ ಅಸಿಟಿಕ್ ಆಮ್ಲ ಸುಮಾರು ಶೇಕಡಾ 4ರಿಂದ 5. 20 ಮಿಲಿಲೀಟರಿನಲ್ಲಿ ಒಂದು ಗ್ರಾಂನಷ್ಟು ಆಮ್ಲವಿದ್ದರೆ ಅದರೊಡನೆ ಪೂರ್ತಿ ಕೂಡಲು 1.4 ಗ್ರಾಂ ಸೋಡಾ ಸಾಕು. ಅದರಿಂದ ಸುಮಾರು 400 ಮಿಲಿಲೀಟರ್ ಅನಿಲ ಹುಟ್ಟುತ್ತದೆ, ಲೋಟದಲ್ಲಿ ಉರಿಯುವ ಚಿಕ್ಕ ಮೋಂಬತ್ತಿಯೊಂದನ್ನು ಆರಿಸಲು ಅದು ಧಾರಾಳ. ಹಾಗಾಗಿ 120 ಸಲಕ್ಕೆ ಎರಡೂವರೆ ಲೀಟರ್ ವಿನಿಗರ್, 200 ಗ್ರಾಂ ಸೋಡಾ ತಂದರೆ ಮುಗಿಯಿತು. ಖರ್ಚು ಐದನೇ ಒಂದು ಭಾಗಕ್ಕೆ ಇಳಿಯಿತು. ಜೊತೆಗೆ ಮಗು ಅಳತೆಯ ಕಾರಣವನ್ನು ಬಂದವರಿಗೆ ಹೇಳಬಲ್ಲುದು. ಹೆಚ್ಚು ಸೋಡಾ ಹಾಕಿದರೆ ಹೆಚ್ಚು ಅನಿಲ ಏಕೆ ಬರುವುದಿಲ್ಲ ಎಂಬ ಪ್ರಶ್ನೆಯೇ ಒಳ್ಳೆಯ ಪಾಠ.

ಎರಡನೆಯದು ವಿದ್ಯುತ್ತು. ಚಿಕ್ಕ ಮೋಟಾರು ತಿರುಗಿಸುವ ಮಾದರಿಗಳಿಗೆ ಮಕ್ಕಳು 9 ವೋಲ್ಟಿನ ಚೌಕ ಬ್ಯಾಟರಿ ಜೋಡಿಸುತ್ತಾರೆ. ನೋಡಲು ದಪ್ಪಗಿದ್ದರೂ ಅದರಲ್ಲಿ ತುಂಬಿರುವ ವಿದ್ಯುತ್ತು ಕಡಿಮೆ, ಹೆಚ್ಚೆಂದರೆ 500 ಮಿಲಿಆಂಪಿಯರ್-ಗಂಟೆಯಷ್ಟು. ಮೋಟಾರು 250 ಮಿಲಿಆಂಪಿಯರ್ ಎಳೆದರೆ ಎರಡು ಗಂಟೆಯೂ ಬಾಳುವುದಿಲ್ಲ. ನಮ್ಮ ಪ್ರದರ್ಶನ ನಡೆಯುವುದು ಒಟ್ಟು ಏಳೂವರೆ ಗಂಟೆ. ಎಂಟು ಮೋಟಾರು ಮಾದರಿಗಳಿದ್ದರೆ ಕನಿಷ್ಠ ನಾಲ್ಕೈದರಂತೆ 40 ಬ್ಯಾಟರಿ ಬೇಕು. ಒಂದಕ್ಕೆ 25 ರೂಪಾಯಿ ಎಂದರೂ 1,000 ರೂಪಾಯಿ, ಅದೂ ಸೋಮವಾರ ಕಸದ ಬುಟ್ಟಿಗೆ.

ಇದಕ್ಕೆ ಪರಿಹಾರ ಊರಿನ ಮನೆಮನೆಯಲ್ಲೂ ಬಿದ್ದಿದೆ. ಹಳೆಯ ಮೊಬೈಲ್ ಚಾರ್ಜರ್ 5 ವೋಲ್ಟ್ ಕೊಡುತ್ತದೆ, ಆಟಿಕೆ ಮೋಟಾರಿಗೆ ಅದು ಹೊಂದುತ್ತದೆ. ನವೆಂಬರ್‌ನಲ್ಲಿ ಒಂದು ಡಬ್ಬಿ ಇಟ್ಟು ಹಳೆಯ ಚಾರ್ಜರ್ ತಂದುಕೊಡಿ ಎಂದರೆ ಹತ್ತು-ಹನ್ನೆರಡು ಸಿಗುತ್ತವೆ. ತುದಿಯ ಪಿನ್ನನ್ನು ಕತ್ತರಿಸಿ, ಒಳಗಿನ ತಂತಿಗಳಲ್ಲಿ ಯಾವುದು ಧನ, ಯಾವುದು ಋಣ ಎಂದು ಮಲ್ಟಿಮೀಟರಿನಿಂದ ಶಿಕ್ಷಕರೇ ನೋಡಿ ಗುರುತು ಹಾಕಬೇಕು. ಗೋಡೆಗೆ ಸಿಕ್ಕಿಸುವ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಕೂಡದು, ಅದರೊಳಗೆ 230 ವೋಲ್ಟ್ ಇರುತ್ತದೆ. ಡಬ್ಬಿ ಒಡೆದಿರುವ ಚಾರ್ಜರನ್ನು ದೂರವಿಡಬೇಕು.

ಪ್ಲಗ್ಗಿನ ಲೆಕ್ಕವೂ ಇಲ್ಲಿಯೇ ಬರುತ್ತದೆ. ತರಗತಿಯ ಸಾಮಾನ್ಯ ಪ್ಲಗ್ 6 ಆಂಪಿಯರಿನದು. 230 ವೋಲ್ಟಿನಿಂದ ಗುಣಿಸಿದರೆ ಹೊರುವ ಭಾರ 1,380 ವಾಟ್. ಆರು ಚಾರ್ಜರುಗಳು ಸೇರಿದರೂ ಅದಕ್ಕೆ ಹೊರೆಯಲ್ಲ. ಆದರೆ ಒಂದು ನೀರು ಕಾಯಿಸುವ ಕಾಯಿಲ್ ಅಥವಾ ಹಾಟ್ ಪ್ಲೇಟ್ ಒಂದೇ ಅಷ್ಟನ್ನು ನುಂಗಿಬಿಡುತ್ತದೆ. ಆದ್ದರಿಂದ ಬಿಸಿ ಮಾಡುವ ಯಾವ ಉಪಕರಣವೂ ತರಗತಿಯ ಪ್ಲಗ್ಗಿಗೆ ಬೇಡ. ಎಕ್ಸ್‌ಟೆನ್ಶನ್ ಬೋರ್ಡಿಗೆ ಇನ್ನೊಂದು ಬೋರ್ಡನ್ನು ಸಿಕ್ಕಿಸುವುದೂ ಬೇಡ. ಬೋರ್ಡು ಅಥವಾ ವೈರು ಮುಟ್ಟಿದಾಗ ಬೆಚ್ಚಗಿದ್ದರೆ, ಸುಟ್ಟ ವಾಸನೆ ಬಂದರೆ ತಕ್ಷಣ ಸ್ವಿಚ್ಚು ಆರಿಸಬೇಕು. ಕೊಠಡಿಗೆ ಐಎಸ್ಐ ಗುರುತಿನ ಒಂದು ಬೋರ್ಡ್, ಒಟ್ಟು ನಾಲ್ಕು. ಈ ಖರ್ಚಿನಲ್ಲಿ ಉಳಿತಾಯ ಮಾಡಬಾರದು.

ಥರ್ಮಾಕೋಲ್ ಬಿಟ್ಟು

ಶಾಲಾ ಮಾದರಿ ಎಂದರೆ ಥರ್ಮಾಕೋಲ್ ಎಂದಾಗಿಬಿಟ್ಟಿದೆ. 2022ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿರುವ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಕೂಡ ಇದೆ. 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳೂ ಇವೆ. ಪರಿಸರದ ಪಾಠ ಹೇಳುವ ಪ್ರದರ್ಶನದ ಬಾಗಿಲಲ್ಲೇ ಅವು ಇರಬಾರದು. ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆ, ಬಡಗಿಯ ಬಳಿ ಉಳಿದ ಮರದ ತುಂಡು, ಬಿದಿರು, ಜೇಡಿಮಣ್ಣು, ಸೈಕಲ್ ಟ್ಯೂಬು ಇವುಗಳಿಂದ ಏನೆಲ್ಲ ಮಾಡಬಹುದು ಎಂಬುದನ್ನು ಅರವಿಂದ ಗುಪ್ತ ಅವರು ‘ಕಸದಿಂದ ಆಟಿಕೆ’ಗಳ ಮೂಲಕ ದಶಕಗಳಿಂದ ತೋರಿಸುತ್ತ ಬಂದಿದ್ದಾರೆ. ಬ್ಯಾನರನ್ನು ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದು, ಇಸವಿಯ ಜಾಗವನ್ನು ಖಾಲಿ ಬಿಟ್ಟು ಅಲ್ಲಿ ಕಾಗದ ಅಂಟಿಸಿದರೆ ಐದಾರು ವರ್ಷ ಬರುತ್ತದೆ.

ರಾಸಾಯನಿಕಗಳಲ್ಲೂ ಹೀಗೆಯೇ ಆಯ್ಕೆ ಮಾಡಬೇಕು. ಜ್ವಾಲಾಮುಖಿಗೆಂದು ಕಿತ್ತಳೆ ಬಣ್ಣದ ಅಮೋನಿಯಂ ಡೈಕ್ರೋಮೇಟ್ ಉರಿಸುವ ರೂಢಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದರ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಮಕ್ಕಳಿರುವ ಕೊಠಡಿಯಲ್ಲಿ ಅದರ ದೂಳು ಏಳಕೂಡದು. ಆಮ್ಲ-ಪ್ರತ್ಯಾಮ್ಲ ಗುರುತಿಸಲು ಅರಿಶಿನ ಮತ್ತು ದಾಸವಾಳದ ರಸ ಸಾಕು. ಸಾಬೂನಿನ ನೀರಿಗೆ ಅರಿಶಿನ ಕೆಂಪಾಗುತ್ತದೆ, ನಿಂಬೆರಸಕ್ಕೆ ದಾಸವಾಳದ ರಸ ಗುಲಾಬಿ-ಕೆಂಪಾಗುತ್ತದೆ. ಖರ್ಚು ಇಲ್ಲವೆಂದೇ ಹೇಳಬಹುದು.

ಒಂದು ಹಾಳೆಯ ಬಜೆಟ್

ಮಾದರಿಗಳ ಪಟ್ಟಿ ಕೈಗೆ ಬಂದ ಮೇಲೆ ಮೊದಲ ಕೆಲಸ ಅಂಗಡಿಗೆ ಹೋಗುವುದಲ್ಲ, ಪ್ರಯೋಗಾಲಯದ ದಾಸ್ತಾನು ಪುಸ್ತಕ ತೆರೆಯುವುದು. ಮಸೂರ, ದರ್ಪಣ, ಆಯಸ್ಕಾಂತ, ಬೀಕರು, ತಂತಿ ಬಹಳಷ್ಟು ಅಲ್ಲೇ ಇರುತ್ತವೆ. ಇರುವುದನ್ನು ಕಳೆದು ಉಳಿದದ್ದನ್ನು ಎಲ್ಲ ಗುಂಪುಗಳಿಗೂ ಸೇರಿಸಿ ಒಟ್ಟಿಗೆ ಕೊಳ್ಳಬೇಕು. 24 ಗುಂಪುಗಳು 24 ಗ್ಲೂ ಗನ್ ಕೊಳ್ಳುವ ಬದಲು ಶಾಲೆಗೆ ಮೂರು ಗನ್ನಿನ ಒಂದು ಪೆಟ್ಟಿಗೆ ಇದ್ದರೆ ಆಯಿತು. ನಮ್ಮ ಉದಾಹರಣೆಯ ಹಾಳೆ ಹೀಗಿರುತ್ತದೆ:

- ಮಾದರಿಗಳ ಸಾಮಗ್ರಿ, ಒಂದಕ್ಕೆ 150 ರೂಪಾಯಿಯಂತೆ 24ಕ್ಕೆ: 3,600
- ಸಾಮೂಹಿಕ ಸಲಕರಣೆ ಪೆಟ್ಟಿಗೆ (ಗ್ಲೂ ಗನ್, ಇಕ್ಕಳ, ಕತ್ತರಿ, ಮಲ್ಟಿಮೀಟರ್): 1,800
- ಖರ್ಚಾಗುವ ವಸ್ತುಗಳು, 120 ಸಲದ ಲೆಕ್ಕದಲ್ಲಿ: 1,500
- ಎಕ್ಸ್‌ಟೆನ್ಶನ್ ಬೋರ್ಡ್, ನಾಲ್ಕು: 1,600
- ಪ್ರಥಮ ಚಿಕಿತ್ಸೆ, ಮರಳಿನ ಬಕೆಟ್, ಕಣ್ಣಿನ ರಕ್ಷಣೆಯ ಕನ್ನಡಕ: 900
- ಬಟ್ಟೆಯ ಬ್ಯಾನರ್, ಚಾರ್ಟ್: 1,000
- ಅತಿಥಿ ಮಕ್ಕಳಿಗೆ ತಿಂಡಿ, ತೀರ್ಪುಗಾರರಿಗೆ ಕಾಫಿ: 2,000
- ಪ್ರಮಾಣಪತ್ರ: 600
- ಅನಿರೀಕ್ಷಿತ ಖರ್ಚಿಗೆ ಶೇಕಡಾ 10: 1,300

ಒಟ್ಟು 14,300 ರೂಪಾಯಿ. ಮೊದಲು ಶಾಮಿಯಾನಕ್ಕೂ ಶಾಲು-ಹಾರಕ್ಕೂ ಶಾಲೆ ಕೊಡುತ್ತಿದ್ದ ಮೊತ್ತಕ್ಕಿಂತ ಇದು ಸ್ವಲ್ಪ ಕಡಿಮೆಯೇ. ಆದರೆ ಮನೆಯವರ ಸಾಲು ಈಗ ಸೊನ್ನೆ. ಉದ್ಘಾಟನೆ ಮರದ ನೆರಳಲ್ಲಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಸಲಕರಣೆ ಪೆಟ್ಟಿಗೆ ಮತ್ತು ಬೋರ್ಡುಗಳ 3,400 ರೂಪಾಯಿ ಮುಂದಿನ ವರ್ಷ ಮತ್ತೆ ಬೇಕಾಗುವುದಿಲ್ಲ. ಹಾಗಾಗಿ ಬೆಲೆ ಏರದಿದ್ದರೆ ಎರಡನೇ ವರ್ಷದ ಬಜೆಟ್ ಹತ್ತೂವರೆ ಸಾವಿರದ ಆಸುಪಾಸಿಗೆ ಇಳಿಯುತ್ತದೆ.

ದುಡ್ಡಿನ ಮೂಲ

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗೆ ಮಕ್ಕಳ ಸಂಖ್ಯೆಗೆ ತಕ್ಕಂತೆ ವಾರ್ಷಿಕ ಸಂಯುಕ್ತ ಶಾಲಾ ಅನುದಾನ ಇದೆ. 101ರಿಂದ 250 ಮಕ್ಕಳಿರುವ ಶಾಲೆಗೆ ಯೋಜನೆಯ ಮಾರ್ಗಸೂಚಿಯಂತೆ ಅದು 50,000 ರೂಪಾಯಿವರೆಗೆ. ವಿದ್ಯುತ್ ಬಿಲ್ಲು, ಸಣ್ಣ ದುರಸ್ತಿ, ಸ್ವಚ್ಛತೆ ಎಲ್ಲವೂ ಅದರಿಂದಲೇ ಆಗಬೇಕು. ಪ್ರಯೋಗಾಲಯದ ಸಾಮಗ್ರಿ ಮತ್ತು ಬೋಧನೋಪಕರಣಕ್ಕೂ ಅದರಲ್ಲಿ ಅವಕಾಶವಿದೆ. ಮೇಲಿನ ಪಟ್ಟಿಯ ಮೊದಲ ಐದು ಸಾಲು, ಒಟ್ಟು 9,400 ರೂಪಾಯಿ, ಅದೇ ಜಾತಿಯ ಖರ್ಚು. ತಿಂಡಿ ಮತ್ತು ಪ್ರಮಾಣಪತ್ರದ ಸಾಲುಗಳು ಆ ಜಾತಿಯವಲ್ಲ. ಯಾವ ಸಾಲನ್ನು ಅನುದಾನದಲ್ಲಿ ತೋರಿಸಬಹುದು ಎಂಬುದನ್ನು ಕೊಳ್ಳುವ ಮೊದಲೇ ಬಿಇಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಲೆಕ್ಕ ತಪಾಸಣೆಯ ದಿನ ಕೇಳಿ ಪ್ರಯೋಜನವಿಲ್ಲ.

ಇನ್‌ಸ್ಪೈರ್-ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ಮಾಡಲು 10,000 ರೂಪಾಯಿ ನೇರ ಅವರ ಬ್ಯಾಂಕ್ ಖಾತೆಗೆ ಬರುತ್ತದೆ. ಆ ದುಡ್ಡು ಆ ಮಗುವಿನ ಕಲ್ಪನೆಯದು. ಮಾದರಿಯನ್ನು ಶಾಲೆಯ ಪ್ರದರ್ಶನದಲ್ಲಿ ಇಡಬಹುದು, ದುಡ್ಡನ್ನು ಶಾಲೆಯ ಬೇರೆ ಖರ್ಚಿಗೆ ಮುಟ್ಟಬಾರದು.

ಉಳಿದ 4,900 ರೂಪಾಯಿಗೆ ಎಸ್‌ಡಿಎಂಸಿ ಮತ್ತು ಹಳೆಯ ವಿದ್ಯಾರ್ಥಿಗಳ ಬಳಿ ಹೋಗಬೇಕು. ‘ಕೈಲಾದಷ್ಟು ಕೊಡಿ’ ಎಂದು ಕೇಳುವುದಕ್ಕಿಂತ ‘60 ಮಕ್ಕಳಿಗೆ ಶುಕ್ರವಾರ ಬಾಳೆಹಣ್ಣು, ಬಿಸ್ಕತ್ತು ಬೇಕು’ ಎಂದು ಪಟ್ಟಿಯ ಒಂದು ಸಾಲನ್ನು ತೋರಿಸಿ ಕೇಳಿದರೆ ಕೊಡುವವರಿಗೆ ತಾವು ಏನು ಕೊಟ್ಟೆವು ಎಂಬುದು ಗೊತ್ತಿರುತ್ತದೆ. ದುಡ್ಡಾಗಿ ಬಂದದ್ದಕ್ಕೆ ರಶೀದಿ, ವಸ್ತುವಾಗಿ ಬಂದದ್ದಕ್ಕೆ ದಾಸ್ತಾನು ಪುಸ್ತಕದಲ್ಲಿ ಒಂದು ಸಾಲು. ಮಕ್ಕಳಿಂದ ವಂತಿಗೆ ಎತ್ತುವುದು ಬೇಡ, ಹಾಗೆ ಮಾಡಿದರೆ ನಾವು ಸೊನ್ನೆ ಮಾಡಿದ ಸಾಲು ಹಿಂಬಾಗಿಲಿನಿಂದ ಮರಳಿ ಬರುತ್ತದೆ. ಬಜೆಟ್ಟನ್ನು ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ದಾಖಲಿಸಿ, ಬಿಲ್ಲುಗಳನ್ನು ಮುಖ್ಯಶಿಕ್ಷಕರ ಪದನಾಮದಲ್ಲಿ ಪಡೆದರೆ ವಿಜ್ಞಾನ ಶಿಕ್ಷಕರು ತಮ್ಮ ಜೇಬಿನಿಂದ ಕೊಟ್ಟು ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ.

ತಾಲೀಮು: ಇಪ್ಪತ್ತು ಸಲ

ಕಾಗದದ ಬಜೆಟ್ ಸರಿಯಿದೆಯೇ ಎಂದು ತಿಳಿಯಲು ಒಂದೇ ದಾರಿ, ಪ್ರದರ್ಶನಕ್ಕೆ ಒಂದು ವಾರ ಮೊದಲು ತಾಲೀಮು. ಪ್ರತಿ ಗುಂಪೂ ತನ್ನ ಪ್ರಯೋಗವನ್ನು ಬಿಡುವಿಲ್ಲದೆ 20 ಸಲ ಮಾಡಬೇಕು. ಎಷ್ಟು ಸಾಮಗ್ರಿ ಖರ್ಚಾಯಿತು ಎಂದು ಬರೆದು ಆರರಿಂದ ಗುಣಿಸಬೇಕು, ಅದು 120 ಸಲದ ನಿಜವಾದ ಲೆಕ್ಕ. ಸೋಡಾ ಚೆಲ್ಲಿದ್ದು, ಬಲೂನು ಒಡೆದದ್ದು, ಕಡ್ಡಿಪೆಟ್ಟಿಗೆ ಮುಗಿದದ್ದು ಎಲ್ಲವೂ ಅದರಲ್ಲಿ ಸಿಕ್ಕಿಬೀಳುತ್ತವೆ.

ಮಾದರಿ ಎಲ್ಲಿ ಸೋಲುತ್ತದೆ ಎಂಬುದೂ ಆಗಲೇ ಕಾಣುತ್ತದೆ. ಐದನೇ ಸಲಕ್ಕೆ ಮೋಟಾರು ಮುಟ್ಟಲಾಗದಷ್ಟು ಬಿಸಿಯಾದರೆ ಎಲ್ಲೋ ತಿರುಗಣೆ ಬಿಗಿಯಾಗಿದೆ ಎಂದರ್ಥ. ನೀರಿನ ಮಾದರಿಯ ರಟ್ಟು ಹತ್ತನೇ ಸಲಕ್ಕೆ ಮೆತ್ತಗಾದರೆ ಬುಡಕ್ಕೆ ತಗಡೋ ಹಳೆಯ ಟೈಲ್ಸೋ ಬೇಕು. ಇವನ್ನು ಸರಿಪಡಿಸಲು ಒಂದು ವಾರ ಸಾಕು, ಮತ್ತು ಅನಿರೀಕ್ಷಿತ ಖರ್ಚಿನ 1,300 ರೂಪಾಯಿ ಇರುವುದೂ ಇದಕ್ಕಾಗಿಯೇ. ತಾಲೀಮಿನ ದಿನವೇ ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ, ಮರುಭರ್ತಿಯ ದಿನಾಂಕ ದಾಟಿಲ್ಲವೇ ನೋಡಬೇಕು.

ಪ್ರದರ್ಶನ ಮುಗಿದ ಸೋಮವಾರ ಮಾದರಿಗಳನ್ನು ಬಿಚ್ಚಲು ಎರಡು ಪಿರಿಯಡ್ ಮೀಸಲಿಡಬೇಕು. ಮೋಟಾರು, ತಂತಿ, ಚಾರ್ಜರ್, ಮಸೂರಗಳು ಪೆಟ್ಟಿಗೆಗೆ ಮರಳಿ ದಾಸ್ತಾನಿಗೆ ಏರಬೇಕು. ಆಮೇಲೆ ಬಜೆಟ್ಟಿನ ಹಾಳೆಯಲ್ಲಿ ಅಂದಾಜಿನ ಪಕ್ಕ ನಿಜವಾಗಿ ಆದ ಖರ್ಚು ಬರೆದು ಸೂಚನಾ ಫಲಕಕ್ಕೆ ಹಚ್ಚಬೇಕು. ನಮ್ಮ ಉದಾಹರಣೆಯಲ್ಲಿ 400 ಜನರಿಗೆ ಹಂಚಿದರೆ ತಲೆಗೆ ಸುಮಾರು 36 ರೂಪಾಯಿ. ಯಾರ ಮನೆಯಿಂದಲೂ ಬಾರದ ದುಡ್ಡಿನಲ್ಲಿ 96 ಮಕ್ಕಳು ತಮ್ಮ ಕೈಯಾರೆ ಮಾಡಿ ತೋರಿಸಿದ ಲೆಕ್ಕ ಅದು. ಮುಂದಿನ ಜೂನ್‌ನಲ್ಲಿ ಹೊಸ ಶಿಕ್ಷಕರು ಬಂದರೂ ಅವರ ಯೋಜನೆ ಆ ಹಾಳೆಯ ಎರಡನೇ ಸಾಲಿನಿಂದ ಆರಂಭವಾಗಬಹುದು, ಸೊನ್ನೆಯಿಂದಲ್ಲ.